ಮೊತ್ತದ ಮೂಲ: ಮನೆಯ ಆಯವ್ಯಯ ಪತ್ರಿಕೆಯ ಸೂತ್ರಗಳನ್ನೂ ಮರೆಯಾದ ಹಾಳೆಗಳನ್ನೂ ಓದುವ ಬಗೆ

ಕಾಗದದ ವಹಿಯಲ್ಲಿ ಲೆಕ್ಕ ಬರೆದವರು ಕೂಡಿದ ಬಗೆ ಕಣ್ಣಿಗೆ ಕಾಣುತ್ತದೆ. ಮೇಲಿನ ಅಂಕಿಗಳ ಕೆಳಗೊಂದು ಗೆರೆ, ಗೆರೆಯ ಕೆಳಗೆ ಬೇರೀಜು. ಅನುಮಾನ ಬಂದರೆ ಬೆರಳಿಟ್ಟು ಮತ್ತೊಮ್ಮೆ ಕೂಡಬಹುದು. ಗಣಕದ ಸ್ಪ್ರೆಡ್‌ಶೀಟಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿಯೊಂದು ಮನೆಗೂ, ಎಂದರೆ ಸೆಲ್ಲಿಗೂ, ಎರಡು ಪದರಗಳಿರುತ್ತವೆ. ಮೇಲಿನ ಪದರದಲ್ಲಿ ಕಾಣುವುದು ಫಲ. ಒಳಗಿನ ಪದರದಲ್ಲಿ ಇರುವುದು ಆ ಫಲವನ್ನು ಹುಟ್ಟಿಸುವ ಸೂತ್ರ. ಪರದೆಯ ಮೇಲೆ 6,240 ಎಂದು ಕಂಡರೆ ಅದು ಯಾರೋ ಕೈಯಾರೆ ಬರೆದ ಅಂಕಿಯೋ, ಹತ್ತು ಸೆಲ್ಲುಗಳನ್ನು ಕೂಡಿ ಬಂದ ಮೊತ್ತವೋ, ಕಣ್ಣಿಗೆ ಬೀಳದ ಇನ್ನೊಂದು ಹಾಳೆಯಿಂದ ಎಳೆದು ತಂದ ಸಂಖ್ಯೆಯೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು. ಮನೆಯ ಆಯವ್ಯಯವನ್ನು ಇಂಥ ಕಡತದಲ್ಲಿ ಬರೆಯುವ ಕುಟುಂಬಗಳು ಈಗ ಹಲವು. ಕಡತವನ್ನು ರಚಿಸಿದವರು ಒಬ್ಬರು, ತುಂಬುವವರು ಇನ್ನೊಬ್ಬರು, ಅದನ್ನು ನಂಬಿ ತೀರ್ಮಾನ ತೆಗೆದುಕೊಳ್ಳುವವರು ಮತ್ತೊಬ್ಬರು ಆದಾಗ ಒಳಪದರವನ್ನು ಓದುವುದು ಅನಿವಾರ್ಯವಾಗುತ್ತದೆ.

ಸೊಲ್ಲಾಪುರದ ಒಂದು ಮನೆಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ತಿಂಗಳ ಆದಾಯ 42,000 ರೂಪಾಯಿ. ಪುಣೆಯಲ್ಲಿರುವ ಸೋದರಳಿಯನೊಬ್ಬ ಎರಡು ವರ್ಷಗಳ ಹಿಂದೆ ಎಕ್ಸೆಲ್‌ನಲ್ಲಿ ಒಂದು ಕಡತವನ್ನು ರಚಿಸಿ ಕೊಟ್ಟಿದ್ದಾನೆ. ಅದರಲ್ಲಿ ಎರಡು ಹಾಳೆಗಳು ಕಾಣುತ್ತವೆ. Kharchu ಎಂಬ ಹಾಳೆಯಲ್ಲಿ ಮನೆಯಾಕೆ ತನ್ನ ವಹಿಯಿಂದ ತಿಂಗಳ ಖರ್ಚುಗಳನ್ನು ಒಂದೊಂದಾಗಿ ತುಂಬುತ್ತಾಳೆ. Summary ಎಂಬ ಹಾಳೆಯಲ್ಲಿ ಆದಾಯ, ಖರ್ಚು, ಉಳಿತಾಯ ಎಂಬ ಮೂರು ಅಂಕಿಗಳು ತಾವಾಗಿಯೇ ಮೂಡುತ್ತವೆ. ಈ ತಿಂಗಳು ಅಲ್ಲಿ ಖರ್ಚು 35,760 ಎಂದೂ ಉಳಿತಾಯ 6,240 ಎಂದೂ ಕಾಣುತ್ತಿದೆ. ಆದರೆ ಬ್ಯಾಂಕಿನ ಖಾತೆಯಲ್ಲೂ ಕೈಯಲ್ಲೂ ಸೇರಿ ಈ ತಿಂಗಳ ದುಡಿಮೆಯಲ್ಲಿ ಉಳಿದಿರುವುದು 10,740. ಮಗಳ ಎಂ.ಎ. ವ್ಯಾಸಂಗಕ್ಕೆ ವಸತಿಗೃಹದ ಕಂತು 9,000 ಕಟ್ಟಬೇಕಾಗಿದೆ. ಹಾಳೆಯನ್ನು ನಂಬಿದರೆ ಕಟ್ಟಲಾಗದು. ಕೈಯಲ್ಲಿರುವ ಹಣವನ್ನು ನಂಬಿದರೆ ಕಟ್ಟಬಹುದು. ನಡುವಣ ಅಂತರ 4,500. ಈ ನಾಲ್ಕೂವರೆ ಸಾವಿರ ಎಲ್ಲಿ ಹೋಯಿತು ಎಂಬುದನ್ನು ಊಹೆಯಿಂದಲ್ಲ, ಸೂತ್ರಗಳ ಜಾಡು ಹಿಡಿದು ಕಂಡುಕೊಳ್ಳಬೇಕು.

ಜಾಡು ಹಿಡಿಯುವಾಗ ಹಿಂದಿನಿಂದ ಮುಂದಕ್ಕಲ್ಲ, ಫಲದಿಂದ ಮೂಲದ ಕಡೆಗೆ ಹೋಗಬೇಕು. ನಿಘಂಟಿನಲ್ಲಿ ಒಂದು ಪದದ ನಿಷ್ಪತ್ತಿಯನ್ನು ನೋಡುವವರು ಸಿದ್ಧರೂಪದಿಂದ ಹೊರಟು ಪ್ರತ್ಯಯವನ್ನು ಬಿಡಿಸಿ ಧಾತುವಿಗೆ ತಲುಪುವಂತೆ ಇಲ್ಲಿಯೂ ಕಟ್ಟಕಡೆಯ ಮೊತ್ತದಿಂದಲೇ ಆರಂಭ. Summary ಹಾಳೆಯಲ್ಲಿ ಉಳಿತಾಯವಿರುವುದು B5 ಎಂಬ ಸೆಲ್ಲಿನಲ್ಲಿ. ಅದರ ಮೇಲೆ ಒತ್ತಿದರೆ ಪರದೆಯ ಮೇಲ್ಭಾಗದ ಉದ್ದನೆಯ ಸೂತ್ರಪಟ್ಟಿಯಲ್ಲಿ ಒಳಪದರ ಕಾಣುತ್ತದೆ. ಎಲ್ಲ ಸೆಲ್ಲುಗಳ ಸೂತ್ರಗಳನ್ನು ಏಕಕಾಲಕ್ಕೆ ನೋಡಬೇಕಾದರೆ Ctrl ಕೀಲಿಯನ್ನು ಹಿಡಿದು, ಕೀಲಿಮಣೆಯಲ್ಲಿ 1ರ ಎಡಕ್ಕಿರುವ ` ಚಿಹ್ನೆಯನ್ನು ಒತ್ತಬೇಕು. ಮತ್ತೊಮ್ಮೆ ಒತ್ತಿದರೆ ಅಂಕಿಗಳು ಮರಳುತ್ತವೆ. ಹಾಗೆ ನೋಡಿದಾಗ ಈ ಹಾಳೆಯಲ್ಲಿ ಕಾಣುವುದು ಇಷ್ಟು:

```
B3:  42000
B4:  =SUM(Kharchu!D2:D11)+Niyata!B5
B5:  =B3-B4
```

B3ಯಲ್ಲಿ ಸೂತ್ರವಿಲ್ಲ, ಅದು ಕೈಯಾರೆ ಬರೆದ ಅಂಕಿ. ಜಾಡು ಅಲ್ಲಿಗೇ ನಿಲ್ಲುತ್ತದೆ, ಸಂಬಳದ ಚೀಟಿಯೊಂದಿಗೆ ತಾಳೆ ನೋಡಿದರೆ ಸಾಕು. B5ರದು ಸರಳ ವಜಾ, ಅದರಲ್ಲಿ ತಪ್ಪಿಗೆ ಎಡೆಯಿಲ್ಲ. ಹಾಗಾದರೆ ದೋಷವಿರುವುದು B4ರಲ್ಲಿ, ಅಥವಾ B4 ಕೈಚಾಚಿ ತರುವ ಸ್ಥಳಗಳಲ್ಲಿ. ಈ ಸೂತ್ರವನ್ನು ವಾಕ್ಯದಂತೆ ಓದಬೇಕು: 'Kharchu ಎಂಬ ಹಾಳೆಯ D ಕಂಬಸಾಲಿನಲ್ಲಿ ಎರಡನೆಯ ಅಡ್ಡಸಾಲಿನಿಂದ ಹನ್ನೊಂದನೆಯ ಸಾಲಿನವರೆಗಿನ ಅಂಕಿಗಳನ್ನು ಕೂಡಿಸು, ಅದಕ್ಕೆ Niyata ಎಂಬ ಹಾಳೆಯ B5 ಸೆಲ್ಲಿನ ಅಂಕಿಯನ್ನು ಸೇರಿಸು.' ಆಶ್ಚರ್ಯಸೂಚಕ ಚಿಹ್ನೆಯ ಎಡಕ್ಕಿರುವುದು ಹಾಳೆಯ ಹೆಸರು, ಬಲಕ್ಕಿರುವುದು ಸೆಲ್ಲಿನ ವಿಳಾಸ. ಇಷ್ಟು ಓದಿದೊಡನೆ ಎರಡು ಪ್ರಶ್ನೆಗಳು ಏಳುತ್ತವೆ. ಹನ್ನೊಂದನೆಯ ಸಾಲಿಗೇ ಖರ್ಚು ಮುಗಿಯುತ್ತದೆಯೆ? Niyata ಎಂಬ ಹಾಳೆ ಕಡತದಲ್ಲಿ ಕಾಣುವುದೇ ಇಲ್ಲವಲ್ಲ, ಅದೆಲ್ಲಿದೆ?

ಮೊದಲನೆಯ ಪ್ರಶ್ನೆಗೆ ಎಕ್ಸೆಲ್‌ನಲ್ಲೇ ಒಂದು ಉಪಕರಣವಿದೆ. B4ರ ಮೇಲೆ ನಿಂತು Formulas ಎಂಬ ಪಟ್ಟಿಯಲ್ಲಿ Trace Precedents ಎಂಬುದನ್ನು ಒತ್ತಿದರೆ ಆ ಸೆಲ್ಲಿಗೆ ಅಂಕಿ ಒದಗಿಸುವ ಸ್ಥಳಗಳಿಂದ ಬಾಣಗಳು ಮೂಡುತ್ತವೆ. ಮೂಲವು ಅದೇ ಹಾಳೆಯಲ್ಲಿದ್ದರೆ ಬಾಣ ನೀಲಿ ಬಣ್ಣದ್ದು. ಬೇರೆ ಹಾಳೆಯಲ್ಲಿದ್ದರೆ ಕಪ್ಪು ಬಣ್ಣದ ತುಂಡುಗೆರೆ, ಅದರ ತುದಿಯಲ್ಲಿ ಪುಟ್ಟದೊಂದು ಕೋಷ್ಟಕದ ಚಿತ್ರ. ಆ ತುಂಡುಗೆರೆಯ ಮೇಲೆ ಎರಡು ಬಾರಿ ಒತ್ತಿದರೆ ಮೂಲಸ್ಥಾನಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ Kharchu ಹಾಳೆಯ ವಿಳಾಸವನ್ನು ಆರಿಸಿಕೊಂಡರೆ ಗಣಕವು ಆ ಹಾಳೆಗೆ ಕರೆದೊಯ್ದು, ಕೂಡಲ್ಪಡುತ್ತಿರುವ ಸಾಲುಗಳನ್ನಷ್ಟೇ ಎತ್ತಿ ತೋರಿಸುತ್ತದೆ. ಈ ಮನೆಯ ಹಾಳೆಯಲ್ಲಿ ಕಾಣುವುದು ಹೀಗೆ:

```
D2   ಮನೆ ಬಾಡಿಗೆ          6500
D3   ಕಿರಾಣಿ              5240
D4   ಹಾಲು               1860
D5   ತರಕಾರಿ             2150
D6   ವಿದ್ಯುತ್ ಬಿಲ್ಲು         1130
D7   ಗ್ಯಾಸ್               900
D8   ಬಸ್ಸು, ಪೆಟ್ರೋಲು       2400
D9   ಕಾಲೇಜು ಶುಲ್ಕ        4000
D10  ಔಷಧ                780
D11  ಮೊಬೈಲು             600
D12  ಜೋಳ, ಗಿರಣಿ         1700
D13  ಮದುವೆಯ ಆಯೇರಿ      1500
```

ಎರಡರಿಂದ ಹನ್ನೊಂದರವರೆಗಿನ ಸಾಲುಗಳ ಮೊತ್ತ 25,560. ಹನ್ನೆರಡು ಮತ್ತು ಹದಿಮೂರನೆಯ ಸಾಲುಗಳು ಎತ್ತಿ ತೋರಿಸಿದ ಭಾಗದ ಹೊರಗೆ ಉಳಿದಿವೆ. ಸೋದರಳಿಯ ಕಡತವನ್ನು ರಚಿಸಿದಾಗ ಹತ್ತೇ ಬಾಬತ್ತುಗಳಿದ್ದವು. ಸೂತ್ರವೂ ಹತ್ತೇ ಸಾಲುಗಳನ್ನು ಹಿಡಿಯಿತು. ಆಮೇಲೆ ಮನೆಯಾಕೆ ಜೋಳದ ಖರ್ಚನ್ನೂ ಆಯೇರಿಯನ್ನೂ ಕೆಳಗೆ ಬರೆದಳು. ವ್ಯಾಪ್ತಿಯ ನಡುವೆ ಹೊಸ ಸಾಲನ್ನು ತೂರಿಸಿದ್ದರೆ ಸೂತ್ರ ತಾನಾಗಿ ಹಿಗ್ಗುತ್ತಿತ್ತು. ವ್ಯಾಪ್ತಿ ಮುಗಿದ ಮೇಲೆ, ಅದರ ಕೆಳಗೆ ಬರೆದದ್ದನ್ನು ಇನ್ನೊಂದು ಹಾಳೆಯಲ್ಲಿರುವ ಸೂತ್ರ ಅರಿಯದು. ಹೀಗಾಗಿ 3,200 ರೂಪಾಯಿ ಖರ್ಚಾಗಿದ್ದರೂ ಲೆಕ್ಕಕ್ಕೆ ಬಂದಿಲ್ಲ. ಗಣಕವು ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಸೂತ್ರ ಶುದ್ಧವಾಗಿಯೇ ಇದೆ.

ಇಲ್ಲಿ ಅವಸರಪಟ್ಟು ಸೂತ್ರವನ್ನು ತಿದ್ದಿದರೆ ಏನಾಗುತ್ತದೆಂಬುದನ್ನು ಗಮನಿಸಬೇಕು. ಖರ್ಚು 38,960ಕ್ಕೆ ಏರಿ ಉಳಿತಾಯ 3,040ಕ್ಕೆ ಇಳಿಯುತ್ತದೆ. ಕೈಯಲ್ಲಿರುವ 10,740ಕ್ಕೆ ಹತ್ತಿರವಾಗುವ ಬದಲು ಇನ್ನೂ ದೂರ ಸರಿಯಿತು. ನಿಜವಾದ ತಪ್ಪೊಂದನ್ನು ತಿದ್ದಿದ ಮೇಲೆಯೂ ಅಂತರ ಹೆಚ್ಚಿತೆಂದರೆ ಅದರ ಅರ್ಥ ಒಂದೇ: ಎದುರು ದಿಕ್ಕಿನಲ್ಲಿ ಇದಕ್ಕಿಂತ ದೊಡ್ಡದಾದ ಇನ್ನೊಂದು ತಪ್ಪು ಎಲ್ಲೋ ಕುಳಿತಿದೆ. ಅದನ್ನು ಹುಡುಕಬೇಕಾದುದು Niyata ಎಂಬ ಕಾಣದ ಹಾಳೆಯಲ್ಲಿ.

ಎಕ್ಸೆಲ್‌ನಲ್ಲಿ ಹಾಳೆಯನ್ನು ಮರೆಮಾಡುವುದು ಎಂದರೆ ಅಳಿಸುವುದಲ್ಲ. ಕೆಳಗಿನ ಹೆಸರುಪಟ್ಟಿಯಿಂದ ಅದು ಮಾಯವಾಗುತ್ತದೆ, ಆದರೆ ಅದರ ಅಂಕಿಗಳು ಲೆಕ್ಕದಲ್ಲಿ ಭಾಗವಹಿಸುತ್ತಲೇ ಇರುತ್ತವೆ. ರಚಿಸಿದವರು ಹಾಗೆ ಮಾಡುವುದಕ್ಕೆ ಸಾಮಾನ್ಯವಾಗಿ ಒಳ್ಳೆಯ ಕಾರಣವೇ ಇರುತ್ತದೆ: ಪದೇಪದೇ ಬದಲಾಗದ ಅಂಕಿಗಳನ್ನು ಯಾರೂ ಕೈತಪ್ಪಿ ಅಳಿಸಬಾರದೆಂಬ ಎಚ್ಚರ. ಯಾವುದಾದರೂ ಹಾಳೆಯ ಹೆಸರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ Unhide ಎಂಬುದನ್ನು ಆರಿಸಿದರೆ ಮರೆಯಾದ ಹಾಳೆಗಳ ಪಟ್ಟಿ ಬರುತ್ತದೆ. ಬೇಕಾದುದನ್ನು ಆರಿಸಿದರೆ ಅದು ಹೊರಗೆ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದೇ ಕೆಲಸಕ್ಕೆ View ಪಟ್ಟಿಯಲ್ಲಿ Hidden sheets ಎಂಬುದಿದೆ; ಲಿಬ್ರೆ ಆಫೀಸಿನಲ್ಲಿ Sheet ಪಟ್ಟಿಯಲ್ಲಿ Show Sheet ಎಂಬುದಿದೆ.

Unhide ಎಂಬ ಪದವೇ ಮಂಕಾಗಿದ್ದು ಒತ್ತಲು ಬಾರದಿದ್ದರೆ ಎರಡು ಸಾಧ್ಯತೆಗಳುಂಟು. ಮರೆಯಾದ ಹಾಳೆಯೇ ಇಲ್ಲದಿರಬಹುದು. ಅಥವಾ ಇಡೀ ಕಡತದ ರಚನೆಗೆ ಬೀಗ ಹಾಕಿರಬಹುದು. ಎರಡನೆಯದಾದರೆ Review ಪಟ್ಟಿಯ Protect Workbook ಎಂಬುದು ಒತ್ತಿದ ಸ್ಥಿತಿಯಲ್ಲಿ ಕಾಣುತ್ತದೆ. ಆಗ ಕಡತ ರಚಿಸಿದವರನ್ನೇ ಗುಪ್ತಪದ ಕೇಳುವುದು ಸರಿಯಾದ ದಾರಿ. ಸೂತ್ರದಲ್ಲಿ ಹಾಳೆಯ ಹೆಸರಿದ್ದೂ Unhide ಪಟ್ಟಿಯಲ್ಲಿ ಆ ಹೆಸರು ಇಲ್ಲದಿರುವ ಸಂದರ್ಭವೂ ಉಂಟು. ಎಕ್ಸೆಲ್‌ನಲ್ಲಿ ಮರೆಯು ಎರಡು ಬಗೆ. ಎರಡನೆಯ ಬಗೆಯ ಗಾಢವಾದ ಮರೆ ಸಾಮಾನ್ಯ ಪಟ್ಟಿಗೂ ಸಿಕ್ಕುವುದಿಲ್ಲ. ಗಣಕದಲ್ಲಿ Alt ಮತ್ತು F11 ಕೀಲಿಗಳನ್ನು ಒಟ್ಟಿಗೆ ಒತ್ತಿ ತೆರೆಯುವ ಕಿಟಕಿಯಲ್ಲಿ ಎಲ್ಲ ಹಾಳೆಗಳ ಹೆಸರುಗಳೂ ಇರುತ್ತವೆ; ಹಾಳೆಯ ಹೆಸರನ್ನು ಆರಿಸಿ F4 ಒತ್ತಿದರೆ ಅದರ ಗುಣಗಳ ಪಟ್ಟಿಯಲ್ಲಿ Visible ಎಂಬ ಸಾಲು ಸಿಗುತ್ತದೆ. ಅಲ್ಲಿ ಮೂರು ಬೆಲೆಗಳಲ್ಲೊಂದು ಇರುತ್ತದೆ:

```
-1 - xlSheetVisible
 0 - xlSheetHidden
 2 - xlSheetVeryHidden
```

ಮೂರನೆಯದನ್ನು ಮೊದಲನೆಯದಕ್ಕೆ ಬದಲಿಸಿದರೆ ಹಾಳೆ ಹೊರಬರುತ್ತದೆ. ಮನೆಯ ಲೆಕ್ಕದಲ್ಲಿ ಇಷ್ಟು ದೂರ ಹೋಗಬೇಕಾಗುವುದು ಅಪರೂಪ. ಸೋದರಳಿಯ ಸಾಮಾನ್ಯ ಮರೆಯನ್ನೇ ಹಾಕಿದ್ದಾನೆ. Unhide ಒತ್ತಿದೊಡನೆ Niyata ಹಾಳೆ ತೆರೆದುಕೊಳ್ಳುತ್ತದೆ. ಅದರಲ್ಲಿರುವುದು ನಾಲ್ಕೇ ಸಾಲು:

```
B2:  6500             (ಮನೆ ಬಾಡಿಗೆ)
B3:  =14400/12        (ವಿಮೆ)
B4:  2500             (ಭಿಶಿ)
B5:  =SUM(B2:B4)
```

ತಪ್ಪು ಈಗ ತಾನಾಗಿಯೇ ಎದುರಿಗೆ ಬಂದಿದೆ. ಮನೆ ಬಾಡಿಗೆ 6,500 ಇಲ್ಲಿಯೂ ಇದೆ, Kharchu ಹಾಳೆಯ ಮೊದಲ ಸಾಲಿನಲ್ಲೂ ಇದೆ. ಸೋದರಳಿಯ ನಿಯತ ಖರ್ಚುಗಳನ್ನು ಒಳಗಿಟ್ಟು ಮರೆಮಾಡಿದ. ಒಳಗೆ ಏನಿದೆ ಎಂದು ತಿಳಿಯದ ಮನೆಯಾಕೆ ಬಾಡಿಗೆ ಕೊಟ್ಟ ದಿನ ಅದನ್ನು ತನ್ನ ಪಟ್ಟಿಯಲ್ಲಿ ನ್ಯಾಯವಾಗಿಯೇ ಬರೆದಳು. ಇಬ್ಬರೂ ತಮ್ಮತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆ. ಮೊತ್ತ ಮಾತ್ರ ಬಾಡಿಗೆಯನ್ನು ಎರಡು ಬಾರಿ ಎಣಿಸಿದೆ. ಬಾಣ ತೋರಿಸುವ ಉಪಕರಣಕ್ಕೆ ಈ ತಪ್ಪು ಕಾಣದು. ಅಂಕಿ ಎಲ್ಲಿಂದ ಬಂತೆಂಬುದನ್ನು ಅದು ತೋರಿಸುತ್ತದೆಯೇ ಹೊರತು ಎರಡು ಅಂಕಿಗಳ ಅರ್ಥ ಒಂದೇ ಎಂಬುದನ್ನಲ್ಲ. ಅದನ್ನು ಓದುವವರೇ ಬಾಬತ್ತುಗಳ ಹೆಸರುಗಳನ್ನು ಎದುರುಬದುರು ಇಟ್ಟು ಕಂಡುಕೊಳ್ಳಬೇಕು.

ಹಾಗೆಂದು ಮರೆಯಾದ ಹಾಳೆಯನ್ನೇ ಅಳಿಸಿಬಿಡಬಾರದು. ಅಳಿಸಿದ ಕ್ಷಣವೇ ಅದರ ಮೇಲೆ ನಿಂತಿರುವ B4 ಆಧಾರ ಕಳೆದುಕೊಂಡು ಅಂಕಿಯ ಬದಲು #REF! ಎಂದು ತೋರಿಸುತ್ತದೆ, ಅದನ್ನು ನೆಚ್ಚಿದ B5 ಕೂಡ ಹಾಗೆಯೇ ಆಗುತ್ತದೆ. ಹಾಳೆಯ ಅಳಿಸುವಿಕೆಯನ್ನು ಎಕ್ಸೆಲ್‌ನಲ್ಲಿ ಹಿಂದಕ್ಕೆ ಪಡೆಯಲೂ ಆಗುವುದಿಲ್ಲ. ಕೈ ಹಾಕುವ ಮುನ್ನ ಕಡತದ ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಬೇಕು. ಆಮೇಲೆ Niyata ಹಾಳೆಯ B5ರ ಮೇಲೆ ನಿಂತು Trace Dependents ಒತ್ತಿದರೆ ಆ ಅಂಕಿಯನ್ನು ಬಳಸುವವರು ಯಾರೆಂಬುದು ತಿಳಿಯುತ್ತದೆ. ಮೊದಲಿನ ಉಪಕರಣ ಮೂಲದ ಕಡೆಗೆ ನಡೆಸಿದರೆ ಇದು ಫಲದ ಕಡೆಗೆ ನಡೆಸುತ್ತದೆ. ಇಲ್ಲಿ ಬಳಸುವುದು Summary ಹಾಳೆಯ ಒಂದೇ ಸೆಲ್ಲು ಎಂದು ಖಚಿತವಾದ ಮೇಲೆ B2ರಲ್ಲಿನ ಬಾಡಿಗೆಯನ್ನಷ್ಟೇ ಖಾಲಿ ಮಾಡಬಹುದು. SUM ಖಾಲಿ ಸೆಲ್ಲನ್ನು ಲೆಕ್ಕಿಸದೆ ಮುಂದೆ ಹೋಗುತ್ತದೆ. ಬಾಡಿಗೆಯು Kharchu ಹಾಳೆಯಲ್ಲೇ ಉಳಿಯುವುದು ಲೇಸು, ಏಕೆಂದರೆ ಮನೆಯವರ ಕಣ್ಣಿಗೆ ಬೀಳುವ ಹಾಳೆ ಅದೇ.

ಈ ಎರಡನೆಯ ತಿದ್ದುಪಡಿಯನ್ನು ಮಾತ್ರ ಮಾಡಿ ಮೊದಲನೆಯದನ್ನು ಬಿಟ್ಟಿದ್ದರೆ ಉಳಿತಾಯ 12,740 ಎಂದು ಬರುತ್ತಿತ್ತು. ಕೈಯಲ್ಲಿರುವುದಕ್ಕಿಂತ ಉಳಿತಾಯವೇ ಹೆಚ್ಚು! ಅಸಾಧ್ಯವಾದ ಇಂಥ ಫಲವೂ ಒಂದು ಸುಳಿವು. ಎರಡೂ ತಿದ್ದುಪಡಿಗಳಾದ ಮೇಲೆ ಸೂತ್ರ ಹೀಗಿರುತ್ತದೆ:

```
B4:  =SUM(Kharchu!D2:D200)+Niyata!B5
```

ಇನ್ನೂರನೆಯ ಸಾಲಿನವರೆಗೆ ವ್ಯಾಪ್ತಿಯನ್ನು ಹಿಗ್ಗಿಸಿದ್ದರಿಂದ ಮುಂದೆ ಕೆಳಗೆ ಸೇರಿಸುವ ಬಾಬತ್ತುಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ಆ ಕಂಬಸಾಲಿನ ಕೊನೆಯಲ್ಲಿ ಯಾರೂ ಬೇರೆಯಾಗಿ ಬೇರೀಜು ಬರೆದಿರಬಾರದು. ಬರೆದಿದ್ದರೆ ಅದೂ ಕೂಡಿಕೊಂಡು ಖರ್ಚು ಇಮ್ಮಡಿಯಾಗುತ್ತದೆ. ಈಗ Kharchu ಹಾಳೆಯ ಮೊತ್ತ 28,760, Niyata ಹಾಳೆಯದು 3,700, ಒಟ್ಟು ಖರ್ಚು 32,460, ಉಳಿತಾಯ 9,540.

ಕೈಯಲ್ಲಿರುವುದು 10,740. ಅಂದರೆ ಇನ್ನೂ 1,200ರ ಅಂತರ ಉಳಿದಿದೆ. ಇದನ್ನೂ ತಪ್ಪೆಂದು ಭಾವಿಸಿ ಸೂತ್ರಕ್ಕೆ ಕೈ ಹಾಕುವವರುಂಟು. ಮರೆಯಾದ ಹಾಳೆಯ B3 ಇದಕ್ಕೆ ಉತ್ತರ ಕೊಡುತ್ತದೆ: =14400/12. ವರ್ಷಕ್ಕೊಮ್ಮೆ ಕಟ್ಟಬೇಕಾದ 14,400 ರೂಪಾಯಿಯ ವಿಮೆಯ ಕಂತನ್ನು ಹನ್ನೆರಡು ತಿಂಗಳಿಗೆ ಹಂಚಿ, ತಿಂಗಳಿಗೆ 1,200ರಂತೆ ಖರ್ಚೆಂದು ಹಿಡಿಯಲಾಗಿದೆ. ಆ ಹಣ ಇನ್ನೂ ಕೈಬಿಟ್ಟು ಹೋಗಿಲ್ಲ, ಆದರೆ ಅದು ಮನೆಯವರು ಮನಬಂದಂತೆ ಬಳಸಬಹುದಾದ ಹಣವೂ ಅಲ್ಲ. ಇದು ದೋಷವಲ್ಲ, ಕಡತ ರಚಿಸಿದವನ ಮುಂದಾಲೋಚನೆ. ಆರಂಭದ 4,500ರ ಅಂತರಕ್ಕೆ ಈಗ ಪೂರ್ಣ ಲೆಕ್ಕ ಸಿಕ್ಕಿತು: ಎರಡು ಬಾರಿ ಎಣಿಸಿದ ಬಾಡಿಗೆ 6,500, ಅದರಲ್ಲಿ ಎಣಿಕೆಗೆ ಬಾರದ ಖರ್ಚು 3,200 ವಜಾ, ಅದಕ್ಕೆ ಎತ್ತಿಟ್ಟ ವಿಮೆಯ ಹಣ 1,200 ಕೂಡಿಕೆ. ಅಂತರದ ಒಂದು ಭಾಗಕ್ಕೆ ಕಾರಣ ಸಿಕ್ಕಿತೆಂದು ನಿಲ್ಲಿಸದೆ ಕೊನೆಯ ರೂಪಾಯಿಯವರೆಗೆ ಹೋಗಬೇಕೆನ್ನುವುದು ಇದಕ್ಕಾಗಿಯೇ. ಕನ್ನಡದಲ್ಲಿ 'ತಾಳೆ ನೋಡುವುದು' ಎಂಬ ಮಾತುಂಟು. ಆಸ್ತಿ-ಹೊಣೆಗಳ ಪಟ್ಟಿಯನ್ನು ಮರಾಠಿಯಲ್ಲಿ 'ತಾಳೇಬಂದ' ಎನ್ನುತ್ತಾರೆ. ಎರಡು ಕಡೆಯ ಅಂಕಿಗಳು ಒಂದಕ್ಕೊಂದು ಕೂಡಿಬಂದಾಗಲೇ ಲೆಕ್ಕ ಮುಗಿಯುವುದು ಎಂಬ ಭಾವ ಎರಡರಲ್ಲೂ ಇದೆ.

ಬಾಣಗಳಿಗೆ ಸಿಕ್ಕದ ಇನ್ನೆರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು ಅಂಕಿಯಂತೆ ಕಾಣುವ ಅಕ್ಷರ. ಬೇರೆ ಕಡೆಯಿಂದ ನಕಲು ಮಾಡಿ ತಂದ 1500 ಎಂಬುದು ಕೆಲವೊಮ್ಮೆ ಸಂಖ್ಯೆಯಾಗಿರದೆ ಬರಿಯ ಅಕ್ಷರಮಾಲೆಯಾಗಿ ಸೆಲ್ಲಿನಲ್ಲಿ ಕುಳಿತಿರುತ್ತದೆ. ಅದು ವ್ಯಾಪ್ತಿಯೊಳಗೇ ಇದ್ದರೂ SUM ಅದನ್ನು ಬಿಟ್ಟು ಕೂಡುತ್ತದೆ. ಸಂಖ್ಯೆಗಳು ಸಾಮಾನ್ಯವಾಗಿ ಸೆಲ್ಲಿನ ಬಲಕ್ಕೆ ಒತ್ತಿಕೊಳ್ಳುತ್ತವೆ, ಅಕ್ಷರಗಳು ಎಡಕ್ಕೆ. ಎಡಕ್ಕೆ ಸರಿದ ಅಂಕಿ ಕಂಡರೆ ಖಾಲಿ ಸೆಲ್ಲಿನಲ್ಲಿ ಹೀಗೆ ಕೇಳಬಹುದು:

```
=ISNUMBER(D13)
```

FALSE ಎಂಬ ಉತ್ತರ ಬಂದರೆ ಸೆಲ್ಲಿನ ರೂಪವನ್ನು General ಎಂದು ಬದಲಿಸಿ, ಆ ಅಂಕಿಯನ್ನು ಅಳಿಸಿ ಹೊಸದಾಗಿ ಬರೆಯಬೇಕು. ಎರಡನೆಯದು INDIRECT ಎಂಬ ಪದವಿರುವ ಸೂತ್ರ. ಅದು ಸೆಲ್ಲಿನ ವಿಳಾಸವನ್ನು ಅಕ್ಷರಗಳಿಂದ ಕಟ್ಟಿಕೊಳ್ಳುವುದರಿಂದ ಅದು ನಿಜವಾಗಿ ಅಂಕಿ ತರುವ ಸ್ಥಳಕ್ಕೆ ಬಾಣ ಮೂಡುವುದಿಲ್ಲ. ಅಲ್ಲಿ ಸೂತ್ರವನ್ನು ಕಣ್ಣಾರೆ ಓದಿಯೇ ಸ್ಥಳವನ್ನು ಹುಡುಕಬೇಕು.

ಬಾಣದ ಉಪಕರಣ ಎಲ್ಲ ಮೊಬೈಲುಗಳಲ್ಲೂ ಸಿಗುವುದಿಲ್ಲ. ಮೊಬೈಲಿನಲ್ಲೇ ಲೆಕ್ಕ ಬರೆಯುವ ಮನೆಗಳಿಗೆ ಒಂದು ಸರಳ ಪರೀಕ್ಷೆಯುಂಟು. ಪಟ್ಟಿಯ ಕಟ್ಟಕಡೆಯ ಬಾಬತ್ತಿನ ಕೆಳಗೆ 1,00,000 ಎಂದು ಬರೆದು Summary ಹಾಳೆಯನ್ನು ನೋಡಬೇಕು. ಖರ್ಚು ಕರಾರುವಾಕ್ಕಾಗಿ ಒಂದು ಲಕ್ಷ ಏರಿದರೆ ಆ ಸಾಲು ವ್ಯಾಪ್ತಿಯೊಳಗಿದೆ; ಕದಲದಿದ್ದರೆ ಹೊರಗಿದೆ; ಎರಡು ಲಕ್ಷ ಏರಿದರೆ ಎಲ್ಲೋ ಎರಡು ಬಾರಿ ಎಣಿಕೆಯಾಗುತ್ತಿದೆ. ನೋಡಿದ ಮೇಲೆ ಆ ಅಂಕಿಯನ್ನು ಅಳಿಸಲು ಮರೆಯಬಾರದು. ಈ ಪರೀಕ್ಷೆ ಸಾಲಿನ ವ್ಯಾಪ್ತಿಯನ್ನು ಹೇಳುತ್ತದೆ. ಬಾಡಿಗೆಯಂತೆ ಒಂದೇ ಬಾಬತ್ತು ಎರಡು ಹೆಸರುಪಟ್ಟಿಗಳಲ್ಲಿ ಬರೆದಿರುವುದನ್ನು ಹೇಳಲಾರದು.

ಸೊಲ್ಲಾಪುರದ ಆ ಮನೆಯಲ್ಲಿ 9,000ದ ಕಂತು ಕಟ್ಟಬಹುದು. ಕಟ್ಟಿದ ಮೇಲೆ ಉಳಿಯುವುದು 540 ರೂಪಾಯಿ, ಅದರ ಜೊತೆಗೆ ಮುಟ್ಟಬಾರದ ವಿಮೆಯ 1,200. ಕೈಯಲ್ಲಿದ್ದ 10,740ನ್ನಷ್ಟೇ ನೋಡಿ ಕಟ್ಟಿದ್ದರೆ 1,740 ಉಳಿಯಿತೆಂದು ತಿಳಿದು ವಿಮೆಯ ಹಣವನ್ನೂ ಖರ್ಚು ಮಾಡುವ ಸಂಭವವಿತ್ತು. Niyata ಹಾಳೆಯನ್ನು ಮತ್ತೆ ಮರೆಮಾಡುವ ಅಗತ್ಯವಿಲ್ಲ. ಅದನ್ನು ತೆರೆದೇ ಇಟ್ಟು, ಅದರ ತಲೆಯ ಮೇಲೆ 'ಇಲ್ಲಿ ಬರೆದ ಬಾಬತ್ತನ್ನು Kharchu ಹಾಳೆಯಲ್ಲಿ ಮತ್ತೆ ಬರೆಯಬಾರದು' ಎಂದು ಒಂದು ಸಾಲು ಬರೆದರೆ ಮುಂದಿನ ತಿಂಗಳು ತುಂಬುವವರಿಗೆ ದಾರಿ ಸ್ಪಷ್ಟವಾಗುತ್ತದೆ.